ವೇಗ ಹೆಚ್ಚಿಸಿದರೆ ಎಷ್ಟು ನಿಮಿಷ ಉಳಿಯುತ್ತದೆ?

ಮಕ್ಕಳಿಗೆ ವಿಲೋಮ ಅನುಪಾತ ಹೇಳಿಕೊಡುವವರಿಗೆ ಒಂದು ಸಲಹೆ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಲೆಕ್ಕಕ್ಕೆ ಸುಲಭವಾಗಲೆಂದು 120 ಕಿಲೋಮೀಟರ್ ಎಂದುಕೊಳ್ಳಿ. ಪ್ರಯಾಣದ ಸಮಯ t = 120/v ಗಂಟೆ. ವೇಗ ಛೇದದಲ್ಲಿರುವುದೇ ಇಲ್ಲಿನ ಸ್ವಾರಸ್ಯ. ಗಂಟೆಗೆ 40ರಿಂದ 60 ಕಿಲೋಮೀಟರಿಗೆ ಏರಿದರೆ ಮೂರು ಗಂಟೆಯ ದಾರಿ ಎರಡಕ್ಕೆ ಇಳಿಯುತ್ತದೆ. 80ರಿಂದ 100ಕ್ಕೆ ಏರಿದರೆ ಉಳಿಯುವುದು 18 ನಿಮಿಷ ಮಾತ್ರ! ಆದ್ದರಿಂದ ವೇಗ–ಸಮಯದ ನಕ್ಷೆ ಬರೆಯುವಾಗ ಬಿಂದುಗಳನ್ನು ಅಳತೆಪಟ್ಟಿಯಿಂದ ಜೋಡಿಸಲು ಬಿಡಬೇಡಿ. ಅದು ಬಾಗಿದ ರೇಖೆ. ಪ್ರತಿ ಬಿಂದುವಿನಲ್ಲೂ v × t ಗುಣಿಸಿದರೆ 120 ಬರಬೇಕು.

ತಿಂಡಿಗೆಂದು ಅರ್ಧ ಗಂಟೆ ನಿಂತರೆ t = 120/v + 0.5. ಈಗ ಆ ಗುಣಲಬ್ಧ ಸ್ಥಿರವಾಗಿರುವುದಿಲ್ಲ, ಹಾಗಾಗಿ ಇದು ವಿಲೋಮ ಅನುಪಾತವಲ್ಲ. ಆದರೂ ಇದು ಭಾಗಲಬ್ಧ ಉತ್ಪನ್ನವೇ, ಅಂದರೆ ಒಂದು ಬಹುಪದವನ್ನು ಇನ್ನೊಂದರಿಂದ ಭಾಗಿಸಿದ ರೂಪದಲ್ಲಿ ಬರೆಯಬಹುದಾದದ್ದು. ಎಷ್ಟೇ ವೇಗವಾಗಿ ಹೋದರೂ ಒಟ್ಟು ಸಮಯ ಆ ಅರ್ಧ ಗಂಟೆಗಿಂತ ಕೆಳಗೆ ಇಳಿಯದು.