ಸುರಂಗದೊಳಗೆ ಒದ್ದೆ ಕೈ, ಫೋನಿನ ಬೆನ್ನಿಗೆ ಎರಡು ತಟ್ಟು

ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ತೋಟಕ್ಕೆ ನೀರು ಕೊಡುವುದು ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಸುರಂಗ. ವರ್ಷಕ್ಕೊಮ್ಮೆ ಒಳಗೆ ಹೋಗಿ ಕೆಸರು ತೆಗೆಯಬೇಕು, ಮುರಕಲ್ಲು ಎಲ್ಲಿ ಕಳಚಿದೆ ಎಂದು ನೋಡಬೇಕು, ಸಾಧ್ಯವಾದರೆ ಚಿತ್ರ ತೆಗೆದಿಡಬೇಕು. ಹಿಂದಿನ ವರ್ಷದ ಚಿತ್ರದ ಪಕ್ಕದಲ್ಲಿ ಈ ವರ್ಷದ್ದನ್ನು ಇಟ್ಟರೆ ಬಿರುಕು ಬೆಳೆದಿದೆಯೋ ಇಲ್ಲವೋ ತಿಳಿಯುತ್ತದೆ. ಆದರೆ ಕೈ ಒದ್ದೆಯಾದ ಮೇಲೆ ಪರದೆ ಹೇಳಿದ ಮಾತು ಕೇಳುವುದಿಲ್ಲ. ಟಾರ್ಚ್ ಒತ್ತಿದರೆ ಇನ್ನೇನೋ ತೆರೆದುಕೊಳ್ಳುತ್ತದೆ.

ಫೋನಿನ ಬೆನ್ನು ತಟ್ಟಿ ಟಾರ್ಚ್ ಹಚ್ಚುತ್ತೇನೆ ಎಂದಾಗ ಭಾವ, "ಅದೆಲ್ಲ ಮಕ್ಕಳಾಟ, ಇನ್ನೂರು ರೂಪಾಯಿಯ ಟಾರ್ಚ್ ಸಾಕು" ಎಂದರು. ಇನ್ನೂರರ ಟಾರ್ಚ್‌ಗಳನ್ನು ನಾನು ಸಾಕಷ್ಟು ಹಾಳುಮಾಡಿದ್ದೇನೆ. ತಲೆಗೆ ಕಟ್ಟುವ ದೀಪಕ್ಕೂ ಏಳೆಂಟು ನೂರು ಹೋಯಿತು. ಬಾಗಿ ನಡೆಯುವಾಗ ಮೇಲಿನ ಕಲ್ಲಿಗೆ ಬಡಿದು ಅದು ಒಂದು ಮಳೆಗಾಲವೂ ಬಾಳಲಿಲ್ಲ. ಅದಕ್ಕಿಂತ ದೊಡ್ಡ ನಷ್ಟವಾದದ್ದು ಹಳೆಯ ಫೋನಿನಿಂದ. ನನ್ನ ಕೈಗೆ ಬರುವ ಮೊದಲೇ ಯಾರೋ ಬಿಚ್ಚಿ ಬ್ಯಾಟರಿ ಬದಲಿಸಿದ್ದರಂತೆ. ಹಾಗೆ ಬಿಚ್ಚಿದ ಫೋನಿನ ಅಂಟು ಮೊದಲಿನಂತೆ ಕೂರದಿದ್ದರೆ ನೀರು ತಡೆಯುವ ಗುಣವನ್ನು ನಂಬುವಂತಿಲ್ಲ. ಒಂದೇ ಸಲ ಒದ್ದೆಯಾದದ್ದಕ್ಕೆ ಸುಮಾರು ಎಂಟು ಸಾವಿರ ನೀರುಪಾಲಾಯಿತು.

ಈಗಿನದು ಐಫೋನ್ 11, ಬಿಚ್ಚದೇ ಇರುವುದು. `Settings → Accessibility → Touch → Back Tap`ನಲ್ಲಿ ಎರಡು ತಟ್ಟಿಗೆ ಟಾರ್ಚ್, ಮೂರು ತಟ್ಟಿಗೆ ಕ್ಯಾಮೆರಾ ಇಟ್ಟಿದ್ದೇನೆ. ಪಟ್ಟಿಯಲ್ಲಿ ಟಾರ್ಚ್ ಕಾಣದ ಹಳೆಯ ಆವೃತ್ತಿಯಾದರೆ Shortcuts ಆ್ಯಪ್‌ನಲ್ಲಿ ಟಾರ್ಚ್ ಹಚ್ಚಿ ಆರಿಸುವ ಒಂದೇ ಸಾಲಿನ ಶಾರ್ಟ್‌ಕಟ್ ಮಾಡಿ ಅದನ್ನು ಆರಿಸಿಕೊಳ್ಳಿ. ತಟ್ಟನ್ನು ಗುರುತಿಸುವುದು ಫೋನಿನೊಳಗಿನ ಚಲನೆಯ ಸೆನ್ಸರ್, ಪರದೆಯಲ್ಲ. ಹಾಗಾಗಿ ಬೆರಳಿನ ತುಂಬ ಕೆಸರಿದ್ದರೂ ಅಡ್ಡಿಯಿಲ್ಲ. ಪರದೆ ಮಾತ್ರ ಎಚ್ಚರವಾಗಿರಬೇಕು: ಮೊದಲು ಪಕ್ಕದ ಗುಂಡಿ ಒಂದು ಸಲ ಒತ್ತಿ, ಆಮೇಲೆ ತಟ್ಟಬೇಕು. ನಡೆಯುತ್ತಾ ತಟ್ಟಿದರೆ ಬಹಳ ಸಲ ತಪ್ಪುತ್ತದೆ. ನಿಂತು, ಬೆರಳ ತುದಿಯಿಂದ ಗಟ್ಟಿಯಾಗಿ ತಟ್ಟಿದರೆ ಹತ್ತರಲ್ಲಿ ಒಂಬತ್ತು ಸಲ ಹಿಡಿಯುತ್ತದೆ. ದಪ್ಪ ರಬ್ಬರ್ ಕವರ್ ತೆಗೆದು ತೆಳ್ಳಗಿನ ಗಟ್ಟಿ ಕವರ್ ಹಾಕಿದ ಮೇಲೆಯೇ ಈ ಲೆಕ್ಕಕ್ಕೆ ಬಂದದ್ದು.

ಕ್ಯಾಮೆರಾದ ವಿಷಯದಲ್ಲಿ ಹೆಚ್ಚು ಒದ್ದಾಡಿದೆ. ಕ್ಯಾಮೆರಾ ತೆರೆದ ಕೂಡಲೇ ಟಾರ್ಚ್ ಆರುತ್ತದೆ. ಎರಡಡಿ ಅಗಲದ ಸುರಂಗದಲ್ಲಿ ಆ ಕತ್ತಲು ಸಣ್ಣ ಸಂಗತಿಯಲ್ಲ. ಆದ್ದರಿಂದ ಕಾಲು ಗಟ್ಟಿಯಾಗಿ ಊರಿದ ಮೇಲೆಯೇ ಮೂರು ತಟ್ಟು. ಫ್ಲ್ಯಾಷ್ ಅನ್ನು ಹೊರಗೇ ಸರಿಮಾಡಿಕೊಂಡು ಹೋಗುತ್ತೇನೆ, ಚಿತ್ರವನ್ನು ವಾಲ್ಯೂಮ್ ಗುಂಡಿಯಿಂದ ತೆಗೆಯುತ್ತೇನೆ. ಮೊದಮೊದಲು ಪ್ಲಾಸ್ಟಿಕ್ ಚೀಲದೊಳಗೆ ಫೋನ್ ಹಾಕಿದ್ದೆ. ತಟ್ಟು ಕೆಲಸ ಮಾಡಿತು, ಆದರೆ ಫ್ಲ್ಯಾಷ್‌ನ ಬೆಳಕು ಪ್ಲಾಸ್ಟಿಕ್‌ನಲ್ಲೇ ಚದುರಿ ಚಿತ್ರವೆಲ್ಲ ಬಿಳಿ ಮಂಜು. ಈಗ ಚೀಲವಿಲ್ಲ, ಕೊರಳಿಗೆ ದಾರವಿದೆ. ಒದ್ದೆ ಕಲ್ಲಿಗೆ ನೇರ ಹಿಡಿದರೆ ಬೆಳಕು ತಿರುಗಿ ಹೊಡೆಯುತ್ತದೆ, ಸ್ವಲ್ಪ ಓರೆ ಹಿಡಿದರೆ ಬಿರುಕಿನ ಗೆರೆ ಎದ್ದು ಕಾಣುತ್ತದೆ. ಎಷ್ಟು ಓರೆ, ದಾರದ ಗಂಟು ಎಲ್ಲಿ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಳೆದ ಬೇಸಗೆಯ ಚಿತ್ರ ನೋಡಿ ಸುರಂಗ ಅಗೆಯುವ ಹಿರಿಯರೊಬ್ಬರು ಒಳಗೆ ಹೋಗದೆಯೇ ದುರಸ್ತಿಯ ಜಾಗ ತೋರಿಸಿದರು. ಭಾವ ಆಮೇಲೆ ಇನ್ನೂರರ ಮಾತು ಎತ್ತಿಲ್ಲ.

ಮೂರು ತಟ್ಟಿಗೆ ದೊಡ್ಡ ಶಾರ್ಟ್‌ಕಟ್ ಒಂದನ್ನೂ ಕಟ್ಟಿ ನೋಡಿದೆ: ಟಾರ್ಚ್ ಹಚ್ಚಿ, ಹೊತ್ತನ್ನು ನೋಟ್ಸ್‌ನಲ್ಲಿ ಬರೆಯುವುದು. ಅಂಗಳದಲ್ಲಿ ಚೆನ್ನಾಗಿ ನಡೆಯಿತು. ಒಳಗೆ ಫೋನ್ ಲಾಕ್ ಆಗಿದ್ದಾಗ ಪಾಸ್‌ಕೋಡ್ ಕೇಳಿ ನಿಂತಿತು. ಒದ್ದೆ ಬೆರಳಿಗೆ ಮತ್ತೆ ಅದೇ ಪರದೆ! ಲಾಕ್ ತೆಗೆಯದೆ ಪೂರ್ತಿ ನಡೆಯದ ಯಾವುದನ್ನೂ ತಟ್ಟಿಗೆ ಕಟ್ಟಬೇಡಿ. ಅದನ್ನೀಗ ಪಂಪ್ ಚಾಲೂ ಮಾಡಿದ ಹೊತ್ತು ಬರೆಯಲು ಇಟ್ಟುಕೊಂಡಿದ್ದೇನೆ.

ಅಳಿಯನ ಐಫೋನ್ 15 ಪ್ರೊದಲ್ಲಿ ಆ್ಯಕ್ಷನ್ ಬಟನ್ ಇದೆ. ಪರದೆ ಮಲಗಿದ್ದರೂ ಒತ್ತಿ ಹಿಡಿದರೆ ಟಾರ್ಚ್ ಹತ್ತುತ್ತದೆ, ತಟ್ಟಿಗಿಂತ ಅದು ಖಚಿತ. ಆದರೆ ಆ ಬೆಲೆಯ ಫೋನನ್ನು ಕೆಸರಿಗೆ ಇಳಿಸಲು ಅವನು ಒಪ್ಪಲಿಲ್ಲ. ಮೋಟೋ ಫೋನನ್ನು ಕೈಯಲ್ಲಿ ಹಿಡಿದು ಎರಡು ಸಲ ಬೀಸಿದರೆ ಟಾರ್ಚ್ ಬರುತ್ತದೆ, ಬಯಲಿನಲ್ಲಿ ಒಳ್ಳೆಯದೇ. ಸುರಂಗದಲ್ಲಿ ಬೀಸಲು ಜಾಗವಿಲ್ಲ, ಮೊಣಕೈ ತರಚುತ್ತದೆ.

ಪಕ್ಕದ ಗುಂಡಿಯನ್ನು ಮೂರು ಸಲ ಒತ್ತುವ ಆ್ಯಕ್ಸೆಸಿಬಿಲಿಟಿ ಶಾರ್ಟ್‌ಕಟ್‌ಗೆ ಭೂತಕನ್ನಡಿ ಇಟ್ಟಿದ್ದೇನೆ, ಅಮ್ಮ ಅದರಲ್ಲಿ ಮಾತ್ರೆಯ ಹೆಸರು ಓದುತ್ತಾರೆ. ಆದರೆ ಭಾರತದಲ್ಲಿ ಐಫೋನಿನ ಇದೇ ಗುಂಡಿಯ ಮೂರು ಒತ್ತು ತುರ್ತು ಕರೆಗೂ ಹೋಗುವಂತಿದೆ. ಶಾರ್ಟ್‌ಕಟ್ ಇಡುವ ಮೊದಲು `Emergency SOS` ತೆರೆದು, ಪಕ್ಕದ ಗುಂಡಿ ಮತ್ತು ವಾಲ್ಯೂಮ್ ಗುಂಡಿಯನ್ನು ಒಟ್ಟಿಗೆ ಹಿಡಿದರೆ ಕರೆ ಹೋಗುವ ಆಯ್ಕೆ ಚಾಲೂ ಇದೆಯೇ ನೋಡಿಕೊಳ್ಳಿ, ಮನೆಯವರಿಗೂ ಹೇಳಿಕೊಡಿ. ಸುರಂಗದ ಒಳಗೆ ಸಿಗ್ನಲ್ ಇಲ್ಲದ ಕಾರಣ ಆ ಕರೆಯನ್ನು ನಂಬಿ ಒಬ್ಬರೇ ಇಳಿಯುವಂತಿಲ್ಲ. ಬಾಯಿಯಲ್ಲಿ ಒಬ್ಬರು ನಿಂತಿರಲೇಬೇಕು. ಕೈಯಲ್ಲಿ ಮೇಣದ ಬತ್ತಿಯೂ ಇರಬೇಕು. ಗಾಳಿ ಕೆಟ್ಟಿದ್ದರೂ ಫೋನಿನ ಟಾರ್ಚ್ ಉರಿಯುತ್ತಲೇ ಇರುತ್ತದೆ. ಬತ್ತಿ ಮಂಕಾದರೆ ನಾನು ಆ ಕ್ಷಣವೇ ಹೊರಗೆ ಬರುತ್ತೇನೆ.