ಹಳೆ ತೆರಿಗೆ ಪದ್ಧತಿಯೋ ಹೊಸದೋ? 15 ಲಕ್ಷ ಸಂಬಳದ ಲೆಕ್ಕ

2025-26ರ ಆದಾಯಕ್ಕೆ, ಬಾಡಿಗೆ ಮನೆಯಲ್ಲಿರುವ ಒಬ್ಬರ ಲೆಕ್ಕ ಇದು.

| ವಿವರ (ರೂ.) | ಹಳೆಯದು | ಹೊಸದು |
|---|---|---|
| ಸಂಬಳ | 15,00,000 | 15,00,000 |
| ಸ್ಟ್ಯಾಂಡರ್ಡ್ ಡಿಡಕ್ಷನ್ | 50,000 | 75,000 |
| 80ಸಿ | 1,50,000 | ಇಲ್ಲ |
| ಎಚ್‌ಆರ್‌ಎ ವಿನಾಯಿತಿ | 2,40,000 | ಇಲ್ಲ |
| ಆರೋಗ್ಯ ವಿಮೆ | 25,000 | ಇಲ್ಲ |
| ತೆರಿಗೆ ಬೀಳುವ ಮೊತ್ತ | 10,35,000 | 14,25,000 |
| ಸೆಸ್ ಸೇರಿ ತೆರಿಗೆ | 1,27,920 | 97,500 |

ಇಷ್ಟೆಲ್ಲ ಕಳೆದರೂ ಹೊಸದರಲ್ಲೇ 30,420 ರೂ. ಉಳಿತಾಯ! ಈ ಸಂಬಳಕ್ಕೆ ಹಳೆಯದು ಲಾಭವಾಗಬೇಕಾದರೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಉಳಿದ ಕಡಿತಗಳೇ 5,43,750 ರೂ. ದಾಟಬೇಕು. ದೊಡ್ಡ ಬಾಡಿಗೆ ಅಥವಾ ಗೃಹಸಾಲದ ಬಡ್ಡಿ ಇಲ್ಲದೆ ಅದು ಕಷ್ಟ. ತೆರಿಗೆ ಉಳಿಸೋಕೆ ಅಂತ ಸುಮ್ನೆ ಪಾಲಿಸಿ ಕೊಳ್ಳುವ ಮೊದಲು ನಿಮ್ಮ ಅಂಕಿಗಳನ್ನು ಇದರಲ್ಲಿ ಹಾಕಿ ನೋಡಿ.

ಆಫೀಸಿಗೆ ಏನೂ ತಿಳಿಸದಿದ್ದರೆ ಹೊಸದರಂತೆಯೇ ಟಿಡಿಎಸ್ ಕಡಿತ ಮಾಡುತ್ತಾರೆ. ಬರೀ ಸಂಬಳದ ಆದಾಯ ಇರುವವರು, ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕುವಾಗಲೂ ಹಳೆಯದನ್ನು ಆರಿಸಿಕೊಳ್ಳಬಹುದು.