ಅಂಗಡಿ ಶುರುವಾದ ದಿನವನ್ನೇ ಹುಟ್ಟಿದ ದಿನ ಅಂತ ಹಾಕಿದ್ದರು: ಲಾಕ್ ಆದ ಖಾತೆ ಬಿಡಿಸಿದ ನನ್ನ ಅನುಭವ

ಶಿರಸಿ ಕಡೆಯ ಒಂದು ಪೇಟೆಯಲ್ಲಿ ನನ್ನದು ಸೈಬರ್ ಸೆಂಟರ್. ಪಹಣಿ, ಪ್ಯಾನ್ ಅರ್ಜಿ, ಸ್ಕಾಲರ್‌ಶಿಪ್, ಜೆರಾಕ್ಸ್, ಇಷ್ಟೇ ಕೆಲಸ. ಈಚೆಗೆ ಇನ್ನೊಂದು ಸೇರಿಕೊಂಡಿದೆ. ತಲೆ ನರೆತವರೂ ಬಂದು "ನಿಮಗೆ ವಯಸ್ಸು ಸಾಲದು ಅಂತ ಖಾತೆ ಲಾಕ್ ಮಾಡಿದಾರೆ, ಏನಾದ್ರೂ ಮಾಡ್ಕೊಡಿ" ಅಂತಾರೆ. ಮೊದಲು ನಗು ಬರುತ್ತದೆ. ಆಮೇಲೆ ಅವರ ಖಾತೆಯಲ್ಲಿ ಏನೆಲ್ಲ ಸಿಕ್ಕಿಹಾಕಿಕೊಂಡಿದೆ ಅಂತ ಕೇಳಿದರೆ ನಗು ನಿಲ್ಲುತ್ತದೆ.

ಒಂದು ಕೇಸು ಪೂರ್ತಿ ಹೇಳುತ್ತೇನೆ. ನಮ್ಮೂರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಒಬ್ಬ ಅಕ್ಕ ಇದ್ದಾರೆ. ಫೋಟೊ ಹಂಚುವ ಒಂದು ಆ್ಯಪ್‌ನಲ್ಲಿ ಉಪ್ಪಿನಕಾಯಿಯ ಹೆಸರಲ್ಲೇ ಖಾತೆ ಇಟ್ಟಿದ್ದರು, ಬೆಂಗಳೂರಿನ ಆರ್ಡರೆಲ್ಲ ಅಲ್ಲಿಂದಲೇ ಬರುತ್ತಿತ್ತು. ಖಾತೆ ತೆರೆದಾಗ ಆ್ಯಪ್ ಹುಟ್ಟಿದ ದಿನ ಕೇಳಿರಲಿಲ್ಲವಂತೆ. ಸುಮಾರು ಕಾಲ ಆದ ಮೇಲೆ ಒಂದು ದಿನ ತೆರೆದ ಕೂಡಲೇ ಪರದೆ ತುಂಬ ಒಂದೇ ಪ್ರಶ್ನೆ, ಹುಟ್ಟಿದ ದಿನ ಹಾಕಿ ಮುಂದೆ ಹೋಗಿ ಅಂತ. ಪಕ್ಕದಲ್ಲಿದ್ದ ತಂಗಿಯ ಮಗ "ದೊಡ್ಡಮ್ಮ, ಇದು ಅಂಗಡಿ ಖಾತೆ ಅಲ್ವಾ, ಅಂಗಡಿ ಶುರು ಮಾಡಿದ ದಿನವೇ ಹಾಕೋಣ, ಆವತ್ತು ಎಲ್ಲರೂ ವಿಶ್ ಮಾಡ್ತಾರೆ" ಅಂದ. 2019ರ ಅಕ್ಷಯ ತದಿಗೆ, ಅಂದ್ರೆ ಮೇ 7. ಹಾಕಿ ಒತ್ತಿದ್ದೇ ತಡ, ಖಾತೆ ಲಾಕ್.

ಯೋಚನೆ ಮಾಡಿದರೆ ಆ ಹುಡುಗನದ್ದು ದಡ್ಡತನ ಅಲ್ಲ. ಖಾತೆಯ ಹೆಸರು ಅಂಗಡಿಯದ್ದು, ಫೋಟೊ ಅಂಗಡಿಯದ್ದು, ಹುಟ್ಟಿದ ದಿನ ಮಾತ್ರ ನಡೆಸುವವರದ್ದು ಆಗಬೇಕು ಅಂತ ಯಾರಿಗೆ ಹೊಳೆಯುತ್ತೆ? 2018ರಲ್ಲಿ ಟ್ವಿಟರ್‌ನಲ್ಲೂ ಹೀಗೇ ಆಗಿತ್ತು. ಖಾತೆ ತೆರೆದ ದಿನಕ್ಕೆ 13 ವರ್ಷ ತುಂಬಿರಲಿಲ್ಲ ಅಂತ ಲೆಕ್ಕಕ್ಕೆ ಬಂದವರನ್ನೆಲ್ಲ ಅವರು ಲಾಕ್ ಮಾಡಿದಾಗ, ಸಂಸ್ಥೆ ಶುರುವಾದ ದಿನವನ್ನು ಹಾಕಿಕೊಂಡಿದ್ದ ಖಾತೆಗಳೂ ಜೊತೆಗೆ ಹೋದವು. 2021ರಲ್ಲಿ ಹುಟ್ಟಿದ ವರ್ಷ 2007 ಅಂತ ಬದಲಿಸಿದರೆ ಹೊಸ ಬಣ್ಣಗಳು ಬರುತ್ತವೆ ಅಂತ ಯಾರೋ ಸುಳ್ಳು ಹಬ್ಬಿಸಿ, ಅದನ್ನು ನಂಬಿದವರ ಖಾತೆಗಳೂ ಲಾಕ್ ಆದವು. ನನ್ನ ಹತ್ತಿರ ಬರುವ ಇನ್ನೊಂದು ಬಗೆ ಇದೆ. ಹುಟ್ಟಿದ ವರ್ಷ ಆರಿಸುವ ಚಕ್ರ ಈ ವರ್ಷದಿಂದಲೇ ಶುರುವಾಗುತ್ತದೆ. ಹಿಂದಕ್ಕೆ ತಿರುಗಿಸುತ್ತಾ 1970ಕ್ಕೆ ಹೋಗುವಷ್ಟು ತಾಳ್ಮೆ ಇಲ್ಲದೆ ಎಲ್ಲೋ ಮಧ್ಯದಲ್ಲಿ ಬಿಟ್ಟು ಮುಂದೆ ಒತ್ತಿಬಿಡುತ್ತಾರೆ.

ಅಷ್ಟು ಬೇಗ ಲಾಕ್ ಯಾಕೆ ಆಗುತ್ತದೆ ಅಂತ ಅಕ್ಕ ಕೇಳಿದರು. ಇದರ ಬೇರು ಅಮೆರಿಕದ ಒಂದು ಕಾನೂನಿನಲ್ಲಿದೆ. 1998ರಲ್ಲಿ ಮಾಡಿದ್ದು, 2000ದಿಂದ ಜಾರಿ. 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳಬಾರದು. ಎಲ್ಲರಿಗೂ ಅಂತ ಇರುವ ಆ್ಯಪ್‌ನವರು ಪ್ರತಿಯೊಬ್ಬರ ವಯಸ್ಸನ್ನೂ ಹುಡುಕಿಕೊಂಡು ಹೋಗಬೇಕು ಅಂತ ಅದು ಹೇಳುವುದಿಲ್ಲ. ಆದರೆ ಮಗು ಅಂತ ಗೊತ್ತಾದ ಮೇಲೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. ನೀವೇ 2019 ಅಂತ ಬರೆದುಕೊಟ್ಟರೆ ಅವರಿಗೆ "ಗೊತ್ತಾಯಿತು". ಹಾಗಾಗಿ ಈ ಲಾಕ್ ಹಾಕುವುದು ಮನುಷ್ಯರಲ್ಲ, ಲೆಕ್ಕ ಹಾಕಿದ ಕ್ಷಣದಲ್ಲೇ ತಂತ್ರಾಂಶ ಹಾಕುತ್ತದೆ. ಐದು ವರ್ಷದ ಮಗು ಉಪ್ಪಿನಕಾಯಿ ವ್ಯಾಪಾರ ಮಾಡುತ್ತದಾ ಅಂತ ಯೋಚಿಸಲು ಅಲ್ಲಿ ಯಾರೂ ಕೂತಿರುವುದಿಲ್ಲ.

ಇದರಿಂದ ಇನ್ನೊಂದು ವಿಷಯವೂ ಅರ್ಥವಾಗುತ್ತದೆ. ಹಿಂದಕ್ಕೆ ಒತ್ತಿ ಬೇರೆ ದಿನ ಹಾಕಿದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಮಕ್ಕಳು ಮಾಡುವುದೂ ಅದನ್ನೇ ಅಲ್ವಾ, ಹನ್ನೊಂದು ಅಂತ ಹಾಕಿ ಬಾಗಿಲು ಮುಚ್ಚಿದರೆ ತಕ್ಷಣ ಇಪ್ಪತ್ತು ಅಂತ ಹಾಕುವುದು. ಅದನ್ನು ತಡೆಯಲಿಕ್ಕೇ ಮೊದಲ ಉತ್ತರವನ್ನು ನೆನಪಿಟ್ಟುಕೊಳ್ಳುವ ಹಾಗೆ ಮಾಡಿರುತ್ತಾರೆ. ವಯಸ್ಸನ್ನು ಹೆಚ್ಚಿಸುವ ತಿದ್ದುಪಡಿಗೆ ಪುರಾವೆ ಕೇಳುತ್ತಾರೆ. 13ಕ್ಕಿಂತ ಕಡಿಮೆ ಅಂತ ಹಾಕಿದರೆ ಹೆಚ್ಚಾಗಿ ಏನೂ ಕೇಳದೆ ಸುಮ್ನೆ ಲಾಕ್ ಮಾಡುತ್ತಾರೆ.

ಅಕ್ಕ ನನ್ನ ಹತ್ತಿರ ಬರುವ ಹೊತ್ತಿಗೆ ಮನೆಯಿಂದಲೇ ಆಧಾರ್ ಫೋಟೊ ಕಳಿಸಿ ಆಗಿತ್ತು, ಅದು ತಿರಸ್ಕಾರವೂ ಆಗಿತ್ತು. "ನಿಜವಾದ ಆಧಾರ್ ಕಣೋ, ಅದನ್ನೂ ನಂಬಲ್ಲ ಅಂದ್ರೆ?" ಅಂತ ಸಿಟ್ಟು. ಕಾರ್ಡು ಇಸಿದುಕೊಂಡು ನೋಡಿದೆ. ಹಳೆಯದು. ಹುಟ್ಟಿದ ವರ್ಷ 1978 ಅಂತ ಮಾತ್ರ ಇದೆ, ದಿನವೂ ಇಲ್ಲ, ತಿಂಗಳೂ ಇಲ್ಲ. ಆ ಕಾಲದ ಎಷ್ಟೋ ಕಾರ್ಡುಗಳು ಹೀಗೇ ಇವೆ. ನಮ್ಮ ನಿಮ್ಮ ಕಣ್ಣಿಗೆ 1978 ಸಾಕು, ಆದರೆ ಅಲ್ಲಿ ತುಂಬಬೇಕಾದ ಜಾಗ ಮೂರು, ಕಾರ್ಡಿನಲ್ಲಿ ಒಂದೇ ಇದೆ. ಮೇಲಾಗಿ ಫೋಟೊ ತೆಗೆದದ್ದು ಟ್ಯೂಬ್‌ಲೈಟ್ ಕೆಳಗೆ. ಲ್ಯಾಮಿನೇಷನ್ ಮೇಲೆ ಬಿಳಿ ಪಟ್ಟೆ ಹೊಳೆದು, ಆ ವರ್ಷವೂ ಅರ್ಧ ಮುಚ್ಚಿಹೋಗಿತ್ತು.

ಪ್ಯಾನ್ ಕಾರ್ಡ್ ತರಿಸಿದೆ. ಅದರಲ್ಲಿ ದಿನ, ತಿಂಗಳು, ವರ್ಷ ಮೂರೂ ಇರುತ್ತದೆ. 01/06/1978 ಅಂತ ಇತ್ತು. "ನಾನು ಹುಟ್ಟಿದ್ದು ಶ್ರಾವಣದಲ್ಲಿ, ಇದು ಮೇಷ್ಟ್ರು ಬರೆದ ದಿನ" ಅಂದರು ಅಕ್ಕ. ನಮ್ಮ ಕಡೆ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಅಂತ ಎಲ್ಲರಿಗೂ ಗೊತ್ತು. ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೋಗಲಿ ಅಂತ ಬರೆದದ್ದು. ನಾನು ಹೇಳಿದೆ, ಅಕ್ಕ, ಅವರಿಗೆ ಶ್ರಾವಣ ಬೇಡ, ಕಾರ್ಡಿನಲ್ಲಿ ಏನಿದೆಯೋ ಅದೇ ಅರ್ಜಿಯಲ್ಲೂ ಇರಬೇಕು. ಅರ್ಜಿಯಲ್ಲಿ ಆಗಸ್ಟ್, ಕಾರ್ಡಿನಲ್ಲಿ ಜೂನ್ ಅಂತಾದರೆ ಎರಡೂ ದಿನದ ಲೆಕ್ಕದಲ್ಲಿ ನಿಮಗೆ ನಲವತ್ತು ದಾಟಿದ್ದರೂ, ಹೊಂದಿಕೆ ಆಗಲಿಲ್ಲ ಅಂತ ವಾಪಸ್ ಕಳಿಸುತ್ತಾರೆ.

ಫೋಟೊ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಹೆಚ್ಚಿನ ಅರ್ಜಿಗಳು ಇಲ್ಲೇ ಬಿದ್ದುಹೋಗುತ್ತವೆ. ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಜಾಗದಲ್ಲಿ ಒಂದು ಕಪ್ಪು ಬಟ್ಟೆ ಹಾಸಿ ಕಾರ್ಡ್ ಇಡುತ್ತೇನೆ. ನಾಲ್ಕು ಮೂಲೆಯೂ ಚಿತ್ರದಲ್ಲಿ ಬರಬೇಕು. ಫ್ಲ್ಯಾಶ್ ಬೇಡ. ಸ್ಕ್ಯಾನ್ ಮಾಡುವ ಆ್ಯಪ್‌ಗಳು ಬಣ್ಣ ತೆಗೆದು ಅಂಚು ಕತ್ತರಿಸಿ ಚೆಂದ ಮಾಡಿಕೊಡುತ್ತವಲ್ಲ, ಅದೂ ಬೇಡ. ಅಂಥ ಚಿತ್ರ ಜೆರಾಕ್ಸ್ ಹಾಗೆಯೋ ತಿದ್ದಿದ ಹಾಗೆಯೋ ಕಾಣುತ್ತದೆ. ಪೂರ್ತಿ ದಿನಾಂಕ ಇರುವ ಆಧಾರ್ ಆದರೆ ನಡೆಯುತ್ತದೆ, ಆದರೆ ನಂಬರಿನ ಮೊದಲ ಎಂಟು ಅಂಕೆ ಮುಚ್ಚಿ ಕಳಿಸಿ. ಮುಚ್ಚಿದ ಆಧಾರ್ ಸರ್ಕಾರದ ಜಾಲತಾಣದಲ್ಲೇ ಇಳಿಸಿಕೊಳ್ಳಲು ಸಿಗುತ್ತದೆ. ಹೆಸರು, ಫೋಟೊ, ಹುಟ್ಟಿದ ದಿನ ಮಾತ್ರ ಮುಚ್ಚಬಾರದು.

ಮುಂದಿನ ತೊಡಕು ಹೆಸರು. ಕಾರ್ಡಿನಲ್ಲಿ ಅಕ್ಕನ ಹೆಸರು, ಖಾತೆಯಲ್ಲಿ ಉಪ್ಪಿನಕಾಯಿಯ ಹೆಸರು. ಲಾಕ್ ಆದ ಮೇಲೆ ಖಾತೆಯ ಹೆಸರು ಬದಲಿಸಲೂ ಬರುವುದಿಲ್ಲ. ಅರ್ಜಿಯಲ್ಲಿ ವ್ಯಾಪಾರದ ಖಾತೆ ಅಂತ ಆರಿಸುವ ಜಾಗ ಇದ್ದರೆ ಅದನ್ನೇ ಆರಿಸಬೇಕು. ಕೆಳಗೆ ವಿವರ ಬರೆಯುವ ಚೌಕ ಇತ್ತು. ಕಷ್ಟಸುಖವೆಲ್ಲ ತೋಡಿಕೊಂಡು ಉದ್ದ ಬರೆಯುವವರೇ ಜಾಸ್ತಿ. ನಾನು ಬರೆದದ್ದು ಇಷ್ಟು:

```
This is a business account. The date entered, 7 May 2019,
is the day the business started, not a person's birthday.
I run this account. My date of birth is 1 June 1978.
My ID is attached.
```

ತಿಂಗಳನ್ನು ಅಕ್ಷರದಲ್ಲಿ ಬರೆದದ್ದು ಬೇಕಂತಲೇ. 07/05 ಅಂದರೆ ನಮಗೆ ಮೇ 7, ಅಮೆರಿಕದವರಿಗೆ ಜುಲೈ 5. ವ್ಯಾಪಾರದ ಹೆಸರಿಗೂ ಅಕ್ಕನಿಗೂ ನಂಟು ತೋರಿಸಲು ಆಹಾರ ಪರವಾನಗಿಯ ನೋಂದಣಿ ಪತ್ರವನ್ನೂ ಸೇರಿಸಿದೆ. ಅದರಲ್ಲಿ ಎರಡೂ ಹೆಸರು ಇತ್ತು. ಅದು ಇಲ್ಲದವರು ಎರಡೂ ಹೆಸರು ಇರುವ ಬೇರೆ ನೋಂದಣಿ ಪತ್ರ ಕೊಡಬಹುದು.

ಕಳಿಸಿದ ಮೇಲೆ ಸುಮ್ನಿರುವುದೇ ಕಷ್ಟ. ಮಿಡಿ ಬರುವ ಕಾಲ, ಆರ್ಡರ್ ಹಿಡಿಯುವ ಹೊತ್ತು. ಅಕ್ಕ ದಿನಾ ಬಂದು "ಇನ್ನೊಂದ್ಸಲ ಕಳಿಸು" ಅನ್ನುತ್ತಿದ್ದರು. ನಾನು ಕಳಿಸಲಿಲ್ಲ. ಒಂದೇ ಖಾತೆಗೆ ಬೇರೆ ಬೇರೆ ಕಾಗದ ಹಾಕಿ ಅರ್ಜಿ ಮೇಲೆ ಅರ್ಜಿ ಕೊಟ್ಟರೆ, ನೋಡುವವರಿಗೆ ಯಾವುದನ್ನು ನಂಬಬೇಕು ಅಂತಲೇ ಗೊಂದಲ. ನನಗೆ ಬಂದ ಉತ್ತರಗಳನ್ನು ನೋಡಿದರೆ ಒಂದು ಅಂದಾಜು ಸಿಗುತ್ತದೆ. ಕಳಿಸಿದ ಕೂಡಲೇ ವಾಪಸ್ ಬಂದರೆ ಹೆಚ್ಚಾಗಿ ಚಿತ್ರದ್ದೇ ದೋಷ, ಮತ್ತೆ ತೆಗೆದು ಕಳಿಸಬೇಕು. ತಡವಾಗಿ ಬೇಡ ಅಂತ ಬಂದರೆ ಹೆಸರೋ ದಿನಾಂಕವೋ ಹೊಂದಿಲ್ಲ, ಚಿತ್ರ ಎಷ್ಟು ಚೆನ್ನಾಗಿ ತೆಗೆದರೂ ಪ್ರಯೋಜನ ಇಲ್ಲ, ಕಾಗದವನ್ನೇ ಬದಲಿಸಬೇಕು. ಈ ನಡುವೆ ಯಾರೋ ಅಕ್ಕನಿಗೆ ಮೆಸೇಜ್ ಮಾಡಿ, ಎರಡು ಸಾವಿರ ಕೊಡಿ, ಒಟಿಪಿ ಹೇಳಿ, ಇವತ್ತೇ ಬಿಡಿಸುತ್ತೇನೆ ಅಂದಿದ್ದ. ಒಟಿಪಿ ಕೊಟ್ಟಿದ್ದರೆ ಬಿಡಿಸಿದ ಖಾತೆ ಅವನದ್ದೇ ಆಗಿರುತ್ತಿತ್ತು.

ಗಡುವು ಮಾತ್ರ ಮರೆಯಬಾರದು, ಒಂದೊಂದು ಸೇವೆಗೆ ಒಂದೊಂದು. ಗೂಗಲ್ ಖಾತೆಯಾದರೆ, ವಯಸ್ಸು ಸಾಲದು ಅಂತ ಕಂಡಾಗ ಸರಿಪಡಿಸಲು 14 ದಿನ ಕೊಡುತ್ತಾರೆ. ಆಮೇಲೆ ಖಾತೆ ನಿಲ್ಲುತ್ತದೆ, ಮತ್ತೆ 30 ದಿನ ಏನೂ ಮಾಡದಿದ್ದರೆ ಅಳಿಸಿಹಾಕುತ್ತಾರೆ. ಮೇಲ್, ಫೋಟೊ ಎಲ್ಲ ಅದರ ಜೊತೆ. ಅಲ್ಲಿ ಗುರುತಿನ ಚೀಟಿ ಬದಲು ಕ್ರೆಡಿಟ್ ಕಾರ್ಡ್‌ನಿಂದಲೂ ವಯಸ್ಸು ತೋರಿಸಬಹುದು.

ಅಕ್ಕನ ಖಾತೆ ಕೊನೆಗೆ ತೆರೆಯಿತು, ಹಳೆಯ ಫೋಟೊ, ಮೆಸೇಜು ಎಲ್ಲ ಇದ್ದವು. ಹುಟ್ಟಿದ ದಿನದ ಜಾಗದಲ್ಲಿ ಈಗ ಕಾರ್ಡಿನ ದಿನ ಕೂತಿದೆ, ಅದನ್ನು ಬದಲಿಸಲು ಬಿಡುತ್ತಿಲ್ಲ. ಬೇರೆಯವರಿಗೆ ಕಾಣದ ಹಾಗೆ ಮಾಡಿಕೊಟ್ಟೆ. ಅಕ್ಷಯ ತದಿಗೆಯನ್ನು ಪರಿಚಯದ ಸಾಲಿನಲ್ಲಿ ಬರೆದೆವು, ಅಲ್ಲಿ ಏನು ಬರೆದರೂ ಯಾರೂ ವಯಸ್ಸು ಲೆಕ್ಕ ಹಾಕುವುದಿಲ್ಲ.

ಎಲ್ಲ ಕೇಸನ್ನೂ ನಾನು ತೆಗೆದುಕೊಳ್ಳುವುದಿಲ್ಲ. ಮೊನ್ನೆ ಒಬ್ಬ ತಂದೆ ಆರನೇ ಕ್ಲಾಸಿನ ಮಗನ ಮೇಲ್ ಖಾತೆ ಲಾಕ್ ಆಗಿದೆ ಅಂತ ದೊಡ್ಡ ಮಗನ ಕಾರ್ಡ್ ಹಿಡಿದುಕೊಂಡು ಬಂದಿದ್ದರು. "ಸುಮ್ನೆ ಇದನ್ನ ಹಾಕಿ ಬಿಡಿ ಸಾರ್." ಆ ಹುಡುಗನ ದಿನಾಂಕ ತಪ್ಪೇ ಇರಲಿಲ್ಲ, ಅವನಿಗೆ ನಿಜವಾಗಿಯೂ 11 ವರ್ಷ. ತಿದ್ದಲು ಅಲ್ಲಿ ಏನೂ ಇಲ್ಲ. ಅಣ್ಣನ ಕಾರ್ಡ್ ಕೊಟ್ಟರೆ ಮುಂದೆ ಪಾಸ್‌ವರ್ಡ್ ಮರೆತು ಗುರುತು ತೋರಿಸಬೇಕಾದ ದಿನ ಆ ಖಾತೆ ಅಣ್ಣನದ್ದಾಗಿರುತ್ತದೆ. ಅವರ ಫೋನಿನಲ್ಲೇ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ, ತಂದೆಯ ಖಾತೆಯ ಕೆಳಗೆ ಮಗನದ್ದನ್ನು ಸೇರಿಸಿಕೊಟ್ಟೆ. ಮೇಲ್ ಅದೇ, ವಿಳಾಸ ಅದೇ, ಶಾಲೆಯವರು ಕಳಿಸಿದ್ದೆಲ್ಲ ಹಾಗೇ ಇತ್ತು. 13 ತುಂಬಿದ ಮೇಲೆ ತಂದೆ ಒಪ್ಪಿದರೆ ಅವನೇ ನೋಡಿಕೊಳ್ಳಬಹುದು.